ಹಳೆಯ ಗಿರಾಕಿಗೆ ದಸರಾ ಪತ್ರ: ಸೀರೆ ಅಂಗಡಿಯ ರಿಯಾಯಿತಿ ಪ್ರಕಟಣೆ ಬರೆಯುವ ಬಗೆ

ಸೀರೆ ಅಂಗಡಿಯ ಹಬ್ಬದ ಪ್ರಕಟಣೆಯಲ್ಲಿ ಎರಡು ಬಗೆ. ಒಂದು, ಬಜಾರಿನಲ್ಲಿ ಹೋಗಿಬರುವವರನ್ನು ಒಳಗೆ ಕರೆಯುವಂಥದ್ದು: ಬ್ಯಾನರು, ಕರಪತ್ರ, ಆಟೋದ ಮೈಕು. ಇನ್ನೊಂದು, ವರ್ಷಗಟ್ಟಲೆ ಅದೇ ಅಂಗಡಿಯ ಗಾದಿಯ ಮೇಲೆ ಕೂತು ಸೀರೆ ಆರಿಸಿದವರಿಗೆ ಬರೆಯುವಂಥದ್ದು. ಈ ಎರಡನೆಯದನ್ನು ಬಹಳ ಅಂಗಡಿಯವರು ಬರೆಯುವುದೇ ಇಲ್ಲ. ಬ್ಯಾನರಿನ ಚಿತ್ರವನ್ನೇ ಫೋನಿನಲ್ಲಿ ಎಲ್ಲರಿಗೂ ಕಳಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಹಳೆಯ ಗಿರಾಕಿಗೆ ಅಂಗಡಿ ಎಲ್ಲಿದೆ ಎಂದು ಹೇಳಬೇಕಿಲ್ಲ. ಹೋದ ದೀಪಾವಳಿಗೆ ಯಾವ ಸೀರೆಗೆ ಎಷ್ಟು ಕೊಟ್ಟೆ ಎಂಬುದು ಅವರ ನೆನಪಿನಲ್ಲಿದೆ. ‘ಶೇಕಡಾ 50 ಭರ್ಜರಿ ರಿಯಾಯಿತಿ’ ಎಂದು ಓದಿದಾಗ ಅವರಿಗೆ ಮೊದಲು ಬರುವ ಯೋಚನೆ, ‘ಹಾಗಾದರೆ ನನ್ನಿಂದ ಪೂರ್ತಿ ಬೆಲೆ ತೆಗೆದುಕೊಂಡದ್ದು ಯಾಕೆ?’ ಎಂಬುದು.

ಹಾಗಾಗಿ ಈ ಪತ್ರ ಬರೆಯುವ ರೀತಿಯೇ ಬೇರೆ. ಹೊರಗಿನವರಿಗೆ ಸಿಗದ ಯಾವುದೋ ಒಂದು ನಿಜವಾದ ಅನುಕೂಲ ಅದರಲ್ಲಿರಬೇಕು. ಪತ್ರದ ಪ್ರತಿ ಸಾಲನ್ನೂ ಗಲ್ಲಾದಲ್ಲಿ ಕೂತವರು ನಡೆಸಿಕೊಡುವಂತಿರಬೇಕು. ಒಂದು ಉದಾಹರಣೆ ಹಿಡಿದು ಹೋಗೋಣ. ಗದಗ-ಬೆಟಗೇರಿಯಂಥ ಊರಿನಲ್ಲಿ ಒಂದು ಮನೆತನದ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ತಂದೆ ಗಲ್ಲಾ ನೋಡುತ್ತಾರೆ, ಮಗ-ಸೊಸೆ ಸೀರೆ ತೋರಿಸುತ್ತಾರೆ, ಕೆಲಸಕ್ಕೆ ಇಬ್ಬರು ಹುಡುಗರು. ಮುಖ್ಯ ಮಾಲು ಇಳಕಲ್ ಸೀರೆ. ಜೊತೆಗೆ ಗುಳೇದಗುಡ್ಡದ ಖಣ, ಒಂದಿಷ್ಟು ರೇಷ್ಮೆ, ದಿನಬಳಕೆಯ ಪವರ್‌ಲೂಮ್ ಸೀರೆಗಳು. ಅವರು 2026ರ ದಸರೆಗೆ ಹಳೆಯ ಗಿರಾಕಿಗಳಿಗೆ ಪತ್ರ ಬರೆಯಬೇಕಾಗಿದೆ.

ಮೊದಲು ಪಂಚಾಂಗ

ಬರೆಯಲು ಕೂರುವ ಮೊದಲು ತಿಥಿ ನೋಡಬೇಕು. 2026ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ. ಸೆಪ್ಟೆಂಬರ್ 27ರಿಂದ ಪಿತೃಪಕ್ಷ ಹಿಡಿಯುತ್ತದೆ, ಅಕ್ಟೋಬರ್ 10ಕ್ಕೆ ಮಹಾಲಯ ಅಮಾವಾಸ್ಯೆ, ಮರುದಿನ ಅಕ್ಟೋಬರ್ 11 ರವಿವಾರ ನವರಾತ್ರಿ ಆರಂಭ. ಪಕ್ಷದ ಈ ಹದಿನಾಲ್ಕು ದಿನ ಅನೇಕ ಮನೆಗಳಲ್ಲಿ ಹೊಸ ಬಟ್ಟೆ ಕೊಳ್ಳುವುದಿಲ್ಲ. ಎಲ್ಲರೂ ಇದನ್ನು ಪಾಲಿಸುತ್ತಾರೆಂದಲ್ಲ. ಆದರೆ ಪಾಲಿಸುವವರಲ್ಲಿ ಹೆಚ್ಚಿನವರು ನಿಮ್ಮ ಹಳೆಯ ಗಿರಾಕಿಗಳೇ. ‘ನವರಾತ್ರಿಗೆ ಹತ್ತು ದಿನ ಮೊದಲೇ ಕಳಿಸೋಣ’ ಎಂದು ಅಕ್ಟೋಬರ್ 1ರಂದು ಪತ್ರ ಕಳಿಸಿದರೆ ಅದು ನಟ್ಟನಡುವೆ ಪಕ್ಷಕ್ಕೆ ಬಿತ್ತು. ಗಿರಾಕಿ ಅದನ್ನು ಓದಿ ಬದಿಗಿಡುತ್ತಾರೆ. ಅಮಾವಾಸ್ಯೆ ಕಳೆದ ಮೇಲೆ ಮತ್ತೆ ತೆಗೆದು ನೋಡುವವರು ಕಡಿಮೆ.

ಅಮಾವಾಸ್ಯೆ ಮುಗಿದ ಮೇಲೆ ಕರೆದರೆ ಇನ್ನೊಂದು ತೊಂದರೆ. ಸೀರೆ ಅಂದೇ ಸಿಗುತ್ತದೆ, ಜಂಪರ್ ಹೊಲಿಯುವವರು ಸಿಗುವುದಿಲ್ಲ. ಹಬ್ಬದ ವಾರದಲ್ಲಿ ಯಾವ ಟೇಲರೂ ಹೊಸ ಬಟ್ಟೆ ಹಿಡಿಯುವುದಿಲ್ಲ. ಘಟಸ್ಥಾಪನೆಗೋ ಆಯುಧಪೂಜೆಗೋ ಹೊಸ ಸೀರೆ ಉಡಬೇಕಾದವರಿಗೆ ಜಂಪರ್ ಬಟ್ಟೆ ಎರಡು ವಾರ ಮೊದಲೇ ಟೇಲರ್ ಕೈಗೆ ಹೋಗಿರಬೇಕು.

ಈ ಎರಡೂ ಕಾರಣ ಒಂದೇ ಕಡೆ ಬೆರಳು ತೋರಿಸುತ್ತವೆ. ಹಳೆಯ ಗಿರಾಕಿಗಳ ದಿನಗಳು ಗಣೇಶನ ಹಬ್ಬ ಮುಗಿದು ಪಕ್ಷ ಹಿಡಿಯುವ ಮೊದಲಿನ ಆ ಸಣ್ಣ ಅವಧಿಯಲ್ಲಿ ಬರಬೇಕು. ನಮ್ಮ ಉದಾಹರಣೆಯ ಅಂಗಡಿ ಸೆಪ್ಟೆಂಬರ್ 23 ಬುಧವಾರದಿಂದ 26 ಶನಿವಾರದವರೆಗೆ ನಾಲ್ಕು ದಿನ ಇಟ್ಟುಕೊಳ್ಳುತ್ತದೆ. ಹೊರಗಿನವರಿಗೆ ಬ್ಯಾನರು ಹಾಕುವುದು ಅಕ್ಟೋಬರ್ 11ಕ್ಕೆ. ಹೊಸ ಮಾಲನ್ನು ಎರಡು ವಾರಕ್ಕೂ ಮೊದಲೇ ಹಳಬರಿಗೆ ಬಿಚ್ಚಿ ತೋರಿಸುವುದು, ಆರಿಸಲು ಪೂರ್ತಿ ರಾಶಿ ಅವರ ಮುಂದಿರುವುದು, ಟೇಲರಿಗೆ ಕೊಡಲು ಸಮಯ ಸಿಗುವುದು: ಇದೇ ಒಂದು ದೊಡ್ಡ ಅನುಕೂಲ. ಇದಕ್ಕೆ ಅಂಗಡಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಎಷ್ಟು ಬಿಡುವುದು

ನೇಕಾರರಿಂದ 2,400 ರೂಪಾಯಿಗೆ ಬಂದ ಒಂದು ಕೈಮಗ್ಗದ ಇಳಕಲ್ ಸೀರೆ, ಅಂಗಡಿಯ ಚೀಟಿಯಲ್ಲಿ 3,400 ಎಂದಿದೆ ಎಂದುಕೊಳ್ಳಿ. ಲೆಕ್ಕ ಸರಳವಾಗಲೆಂದು ತೆರಿಗೆಯನ್ನು ಬಿಟ್ಟಿದ್ದೇನೆ, ನೀವು ನಿಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಪೂರ್ತಿ ಬೆಲೆಗೆ ಹೋದರೆ ಕೈಯಲ್ಲಿ ಉಳಿಯುವುದು 1,000. ಶೇಕಡಾ 20 ಬಿಟ್ಟರೆ ಸೀರೆ 2,720ಕ್ಕೆ ಹೋಗುತ್ತದೆ, ಉಳಿಯುವುದು 320. ಗಿರಾಕಿಗೆ ಐದನೆಯ ಒಂದು ಪಾಲು ಕಡಿಮೆಯಾದಂತೆ ಕಂಡರೂ ಅಂಗಡಿಯ ಲಾಭದಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಹೋಯಿತು. ಬಾಡಿಗೆ, ಹುಡುಗರ ಸಂಬಳ, ಕರೆಂಟು ಇನ್ನೂ ಆ 320ರಲ್ಲೇ ಬರಬೇಕು.

ಶೇಕಡಾವಾರು ಲೆಕ್ಕ ಬಿಟ್ಟು ಸೀರೆಗೆ 300 ರೂಪಾಯಿ ಕಡಿಮೆ ಮಾಡಿ, ಫಾಲ್-ಪಿಕೋ ಅಂಗಡಿಯಿಂದಲೇ ಮಾಡಿಸಿಕೊಟ್ಟರೆ ಏನಾಗುತ್ತದೆ? ಫಾಲ್-ಪಿಕೋಕ್ಕೆ 100 ರೂಪಾಯಿ ಹಿಡಿದರೂ ಸೀರೆಗೆ 600 ಉಳಿಯುತ್ತದೆ. ಅಂಥ 36 ಸೀರೆ ಅಂಗಡಿಯಲ್ಲಿದ್ದರೆ ಒಟ್ಟು 21,600. ಶೇಕಡಾ 20 ಬಿಟ್ಟು ಇಷ್ಟೇ ದುಡಿಯಬೇಕಾದರೆ 68 ಸೀರೆ ಮಾರಬೇಕು. ಅಷ್ಟು ಸೀರೆ ಅಂಗಡಿಯಲ್ಲಿ ಇಲ್ಲ, ಹಬ್ಬಕ್ಕೆ ಮುಂಚೆ ಮಗ್ಗದಿಂದ ಬರುವುದೂ ಇಲ್ಲ. ಈ ಲೆಕ್ಕ ಕಾಗದದ ಮೇಲೆ ಮಾಡದೆ ಪಕ್ಕದ ಅಂಗಡಿಯ ಬ್ಯಾನರು ನೋಡಿ ಅಂಕಿ ಹಾಕುವುದರಿಂದಲೇ ಸಣ್ಣ ಅಂಗಡಿಗಳು ಹಬ್ಬದಲ್ಲಿ ತುಂಬಾ ಮಾರಿಯೂ ಕೈಬರಿದಾಗುತ್ತವೆ.

ಕೈಮಗ್ಗದ ಸೀರೆಗೆ ದೊಡ್ಡ ರಿಯಾಯಿತಿ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೆಲಸದ ಕೂಲಿ ಹಬ್ಬ ಬಂತೆಂದು ಇಳಿಯುವುದಿಲ್ಲ. ಅಂಥ ಸೀರೆಯನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಬರೆದರೆ ಎರಡರಲ್ಲಿ ಒಂದು ನಿಜ: ಮೊದಲಿನ ಬೆಲೆ ಉಬ್ಬಿಸಿದ್ದು, ಇಲ್ಲವೇ ಸೀರೆ ಕೈಮಗ್ಗದ್ದಲ್ಲ. ಹಳೆಯ ಗಿರಾಕಿ ಸೆರಗು ತಿರುಗಿಸಿ ಕೊಂಡಿ ನೋಡುವವರು. ಅವರಿಗೆ ಇದು ಕೂಡಲೇ ಹೊಳೆಯುತ್ತದೆ.

ಹಿಂದಿನ ವರ್ಷದಿಂದ ಉಳಿದ ಪವರ್‌ಲೂಮ್ ಸೀರೆಗಳ ವಿಷಯ ಬೇರೆ. ಅಲ್ಲಿ ಹಣ ಕಟ್ಟಿಹಾಕಿಕೊಂಡು ಕೂತಿರುತ್ತದೆ. 1,200ರದ್ದನ್ನು 900ಕ್ಕೆ ಬಿಟ್ಟರೂ ಅದನ್ನು ಬಿಡಿಸಿಕೊಂಡಂತೆ. ಆದರೆ ಪತ್ರದಲ್ಲಿ ‘ಹೋದ ವರ್ಷದ ಮಾಲು’ ಎಂದು ಹೇಳಿಯೇ ಬಿಡಬೇಕು. ಹೇಳಿದರೆ ಯಾರೂ ಬೇಸರಪಡುವುದಿಲ್ಲ. ಹೊಸದೆಂದು ಹೇಳಿ ಹೋದ ವರ್ಷದ್ದು ತೋರಿಸಿದರೆ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಯಾರಿಗೆ ಕಳಿಸುವುದು, ಯಾರಿಗೆ ಕಳಿಸಬಾರದು

ಬಿಲ್ ಪುಸ್ತಕ ತೆಗೆದು ಕೂರಿ. ಕಳೆದ ಮೂರು ವರ್ಷದಲ್ಲಿ ಕನಿಷ್ಠ ಎರಡು ಹಬ್ಬಕ್ಕೆ, ಇಲ್ಲವೇ ಒಂದು ಮದುವೆ ಜವಳಿಗೆ ಬಂದವರನ್ನು ಬರೆದುಕೊಳ್ಳಿ. ಮಧ್ಯಮ ಗಾತ್ರದ ಅಂಗಡಿಯಲ್ಲಿ ನೂರೈವತ್ತು-ಇನ್ನೂರು ಹೆಸರು ಸಿಕ್ಕರೆ ಸಾಕು. ಫೋನಿನಲ್ಲಿರುವ ಎಲ್ಲ ನಂಬರಿಗೂ ಕಳಿಸಿದರೆ ಅದು ಮತ್ತೆ ಬ್ಯಾನರೇ ಆಯಿತು.

ಪಟ್ಟಿ ಸಿದ್ಧವಾದ ಮೇಲೆ ಮನೆಯ ಹಿರಿಯರ ಮುಂದೆ ಒಂದು ಸಲ ಗಟ್ಟಿಯಾಗಿ ಓದಿ. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆ ಎಂಬುದು ಅವರಿಗೇ ಗೊತ್ತಿರುತ್ತದೆ. ವರ್ಷಾಂತ್ಯವಾಗದ ಮನೆಗೆ ‘ದಸರೆಗೆ ಹೊಸ ಸೀರೆ’ ಎಂಬ ಪತ್ರ ಹೋಗಬಾರದು. ಹಬ್ಬವನ್ನೇ ಮಾಡದೆ ಕೂತವರಿಗೆ ಅದು ನೋವು ಕೊಡುತ್ತದೆ, ಅಂಗಡಿಯವರು ನಮ್ಮನ್ನು ಬಲ್ಲವರು ಎಂಬ ಭಾವವೂ ಅಲ್ಲಿಗೆ ಮುರಿಯುತ್ತದೆ. ಆ ಹೆಸರುಗಳಿಗೆ ಗುರುತು ಹಾಕಿ ಬೇರೆ ಇಡಿ, ಮುಂದಿನ ವರ್ಷ ಸೇರಿಸಿಕೊಳ್ಳಿ. ನವರಾತ್ರಿ ಆಚರಿಸದ ಮುಸ್ಲಿಂ, ಕ್ರೈಸ್ತ ಮನೆಗಳೂ ಪಟ್ಟಿಯಲ್ಲಿರುತ್ತವೆ. ಅವರಿಗೂ ಇದೇ ಬೆಲೆ, ಇದೇ ದಿನ. ಮೊದಲ ಸಾಲಿನಲ್ಲಿ ದಸರೆಯ ಬದಲು ‘ಹೊಸ ಸೀರೆ ಬಂದಿವೆ’ ಎಂದಿದ್ದರೆ ಸಾಕು.

ಇನ್ನೊಂದು ಮಾತು ಉದ್ರಿಯ ಬಗ್ಗೆ. ಹಳೆಯ ಗಿರಾಕಿಗಳಲ್ಲಿ ಬಾಕಿ ಇಟ್ಟವರು ಇದ್ದೇ ಇರುತ್ತಾರೆ. ಹಬ್ಬದ ಪತ್ರದ ಕೊನೆಗೆ ‘ಹಳೆಯ ಬಾಕಿ ತೀರಿಸಿ ಸಹಕರಿಸಿ’ ಎಂದು ಒಂದು ಸಾಲು ಸೇರಿಸುವ ಆಸೆಯಾಗುತ್ತದೆ. ದಯವಿಟ್ಟು ಸೇರಿಸಬೇಡಿ. ಬಾಕಿ ಇರುವವರು ಆ ಸಾಲು ಓದಿ ಅಂಗಡಿಯ ಕಡೆ ಬರುವುದನ್ನೇ ಬಿಡುತ್ತಾರೆ, ಬಾಕಿ ಇಲ್ಲದವರು ನನಗೇಕೆ ಹೀಗೆ ಬರೆದರು ಎಂದು ನೊಂದುಕೊಳ್ಳುತ್ತಾರೆ. ಬಾಕಿಯ ಮಾತನ್ನು ಬೇರೆ ದಿನ, ಬೇರೆಯಾಗಿ, ಅವರೊಬ್ಬರ ಹತ್ತಿರವೇ ಆಡಬೇಕು.

ಪತ್ರ

ಇಷ್ಟು ತೀರ್ಮಾನವಾದರೆ ಬರೆಯುವುದು ಅರ್ಧ ಗಂಟೆಯ ಕೆಲಸ. ನಮ್ಮ ಉದಾಹರಣೆಯ ಅಂಗಡಿಯ ಪತ್ರ ಹೀಗಿರಬಹುದು:

ಅಕ್ಕಾರ, ನಮಸ್ಕಾರ್ರಿ. ದಸರಾ ಸೀರಿ ಬಂದಾವ. ಪಕ್ಷ ಹಿಡಿಯೂದ್ರೊಳಗ ಬಂದು ನೋಡ್ರಿ.

ಸೆಪ್ಟೆಂಬರ್ 23 ಬುಧವಾರದಿಂದ 26 ಶನಿವಾರದವರೆಗೆ, ಬೆಳಿಗ್ಗೆ 10ರಿಂದ ರಾತ್ರಿ 8. ಈ ನಾಲ್ಕು ದಿನದ ಬೆಲೆ ನಮ್ಮ ಹಳೆಯ ಗಿರಾಕಿಗಳಿಗೆ ಮಾತ್ರ.

ಕೈಮಗ್ಗದ ಇಳಕಲ್ ಸೀರೆ, ಹತ್ತಿ ಒಡಲು, ರೇಷ್ಮೆ ಸೆರಗು: 3,400 ರೂಪಾಯಿಯದು 3,100ಕ್ಕೆ. ಒಟ್ಟು 36 ಸೀರೆ ಇವೆ. ಫಾಲ್, ಪಿಕೋ ನಮ್ಮ ಖರ್ಚಿನಲ್ಲಿ.

ಹೋದ ವರ್ಷದ ಪವರ್‌ಲೂಮ್ ಸೀರೆ: 1,200 ರೂಪಾಯಿಯದು 900ಕ್ಕೆ. ಒಟ್ಟು 60 ಸೀರೆ ಇವೆ.

ಉಳಿದ ಸೀರೆಗಳಿಗೆ ರಿಯಾಯಿತಿ ಇಲ್ಲ. ಬೆಲೆಯಲ್ಲಿ ಜಿಎಸ್‌ಟಿ ಸೇರಿದೆ.

ಫಾಲ್ ಹಚ್ಚದ ಸೀರೆಯನ್ನು 15 ದಿನದೊಳಗೆ ಬದಲಾಯಿಸಿಕೊಳ್ಳಬಹುದು. ನೇಯ್ಗೆಯಲ್ಲಿ ದೋಷ ಕಂಡರೆ 30 ದಿನದೊಳಗೆ ತನ್ನಿ, ಹಣ ವಾಪಸ್ ಕೊಡುತ್ತೇವೆ.

ಜೊತೆಗೆ ಕರೆತಂದವರಿಗೂ ಇದೇ ಬೆಲೆ. ಫೋಟೋ ನೋಡಿ ಏನಾದರೂ ಕೇಳಬೇಕಿದ್ದರೆ ಫೋಟೋದ ನಂಬರ್ ಬರೆದು ಕಳಿಸಿ.

ಕೆಳಗೆ ಅಂಗಡಿಯ ಹೆಸರು. ಅದರ ಜೊತೆ ಗಿರಾಕಿಗಳು ದಿನವೂ ಮಾತಾಡುವ ವ್ಯಕ್ತಿಯ ಹೆಸರೂ ಇರಬೇಕು. ಹೆಣ್ಣುಮಕ್ಕಳು ಹೆಚ್ಚಾಗಿ ಸೊಸೆಯ ಹತ್ತಿರವೇ ಸೀರೆ ಕೇಳುತ್ತಾರಾದರೆ ಅಲ್ಲಿ ಅವರ ಹೆಸರೇ ಇರಲಿ. ಬೋರ್ಡಿನ ಮೇಲೆ ಅಜ್ಜನ ಹೆಸರಿದ್ದರೂ ಚಿಂತೆಯಿಲ್ಲ.

ಮೊದಲ ಸಾಲು ಅಂಗಡಿಯಲ್ಲಿ ಆಡುವ ಮಾತಿನಲ್ಲೇ ಇದೆ. ‘ಗೌರವಾನ್ವಿತ ಗ್ರಾಹಕ ಬಾಂಧವರೇ’ ಎಂದು ಯಾರೂ ಅವರನ್ನು ಎಂದೂ ಕರೆದಿಲ್ಲ. ಫೋನಿನಲ್ಲಿ ಸಂದೇಶ ಬಂದಾಗ ತೆರೆಯುವ ಮೊದಲೇ ಕಾಣುವುದು ಈ ಒಂದೆರಡು ಸಾಲು ಮಾತ್ರ. ಹಾಗಾಗಿ ಹಬ್ಬದ ಶುಭಾಶಯ, ದೇವಿಯ ಸ್ತುತಿ, ಅಂಗಡಿಯ ಇತಿಹಾಸದಿಂದ ಆರಂಭಿಸಿದರೆ ವಿಷಯ ಒಳಗೇ ಉಳಿಯುತ್ತದೆ. ಮೈಸೂರಿನ ಅಂಗಡಿಯಾದರೆ ಕರೆಯುವ ಬಗೆ ಬೇರೆ, ಮಂಗಳೂರಿನದಾದರೆ ಇನ್ನೂ ಬೇರೆ. ನಿಮ್ಮ ಗಾದಿಯ ಮೇಲೆ ಯಾವ ಮಾತು ಕೇಳುತ್ತದೋ ಅದನ್ನೇ ಬರೆಯಿರಿ. ಆದರೆ ದಿನ, ಬೆಲೆ, ಷರತ್ತುಗಳ ಸಾಲುಗಳು ಬರವಣಿಗೆಯ ಕನ್ನಡದಲ್ಲೇ ಇರಲಿ. ಅವನ್ನು ಯಾರು ಓದಿದರೂ ಒಂದೇ ಅರ್ಥ ಬರಬೇಕು.

‘ಹತ್ತಿ ಒಡಲು, ರೇಷ್ಮೆ ಸೆರಗು’ ಎಂಬ ನಾಲ್ಕು ಪದಗಳನ್ನು ಬಿಡಬೇಡಿ. ಇಳಕಲ್ ಸೀರೆ ಹತ್ತಿಯದೂ ಇದೆ, ಪೂರ್ತಿ ರೇಷ್ಮೆಯದೂ ಇದೆ, ಕೃತಕ ರೇಷ್ಮೆ ಎಳೆಯದೂ ಇದೆ; ಕೈಮಗ್ಗದ್ದೂ ಇದೆ, ಪವರ್‌ಲೂಮಿನದೂ ಇದೆ. ಬರೀ ‘ಇಳಕಲ್ ಸೀರೆ’ ಎಂದು ಬರೆದರೆ ಓದಿದವರು ತಮಗೆ ಬೇಕಾದದ್ದನ್ನು ಊಹಿಸಿಕೊಂಡು ಬರುತ್ತಾರೆ. ಅಂಗಡಿಯಲ್ಲಿ ಬೇರೆಯದು ಕಂಡಾಗ ಮೋಸವಾಯಿತೆಂದು ಅನಿಸುತ್ತದೆ. ಶುದ್ಧ ರೇಷ್ಮೆ ಎಂಬ ಪದವನ್ನು ಸಿಲ್ಕ್ ಮಾರ್ಕ್ ಚೀಟಿ ಇರುವ ಸೀರೆಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಯಾರು ಕೇಳಿದರೂ ಚೀಟಿ ತೋರಿಸಿದರೆ ಮಾತು ಮುಗಿಯುತ್ತದೆ.

ಎಷ್ಟು ಸೀರೆ ಇವೆ ಎಂಬ ಅಂಕಿಯನ್ನು ಅಂಗಡಿಯವರು ಬರೆಯಲು ಹಿಂಜರಿಯುತ್ತಾರೆ. ಕಡಿಮೆ ಮಾಲು ಎಂದು ಗೊತ್ತಾದರೆ ಜನ ಬರುವುದಿಲ್ಲ ಎಂಬ ಅಂಜಿಕೆ. ಆಗುವುದು ತಿರುಗುಮುರುಗು. 36 ಎಂದು ತಿಳಿದವರು ಮೊದಲ ದಿನವೇ ಬರುತ್ತಾರೆ; ಮೂರನೆಯ ದಿನ ಬಂದು ಬೇಕಾದ ಬಣ್ಣ ಸಿಗದಿದ್ದರೆ ಅದಕ್ಕೆ ಸಿದ್ಧರಾಗಿಯೇ ಬಂದಿರುತ್ತಾರೆ. ಕಾನೂನೂ ಇದನ್ನೇ ಕೇಳುತ್ತದೆ. ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೇಳಿದ ಬೆಲೆಗೆ ಕೊಡಲು ಬೇಕಾದಷ್ಟು ಮಾಲು ಇಲ್ಲದೆ ಜನರನ್ನು ಸೆಳೆಯುವುದು ತಪ್ಪು. ಮಾಲು ಸೀಮಿತವಾಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಷರತ್ತನ್ನು ಸಣ್ಣ ಅಕ್ಷರದಲ್ಲಿ ಅಡಗಿಸುವುದನ್ನೂ ಅದು ಒಪ್ಪುವುದಿಲ್ಲ. ‘ಶೇಕಡಾ 50’ ದಪ್ಪಕ್ಷರದಲ್ಲಿ, ‘ವರೆಗೆ’ ಇರುವೆಯಷ್ಟು ಎಂಬ ಹಳೆಯ ರೂಢಿ ಹಾಗಾಗಿ ಬಿಡಲೇಬೇಕು.

‘ಉಳಿದ ಸೀರೆಗಳಿಗೆ ರಿಯಾಯಿತಿ ಇಲ್ಲ’ ಎಂಬ ಸಾಲು ಬಿರುಸಾಗಿ ಕೇಳಿಸಬಹುದು. ಇದು ಇಲ್ಲದಿದ್ದರೆ ನಾಲ್ಕೂ ದಿನ ಗಲ್ಲಾದ ಮುಂದೆ ಒಂದೇ ಚೌಕಾಸಿ ನಡೆಯುತ್ತದೆ: ‘ಇದಕ್ಕೂ ಏನಾದರೂ ಬಿಡ್ರಿ, ನಾವೇನು ಹೊಸಬರೇನ್ರಿ?’ ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಬಿಡದಿದ್ದರೆ ಹಳೆಯ ಗಿರಾಕಿಗಳ ನಡುವೆಯೇ ಮಾತು ಹರಿದಾಡುತ್ತದೆ. ಅವರೆಲ್ಲ ಒಂದೇ ಓಣಿಯವರು, ಒಂದೇ ಭಜನಾ ಮಂಡಳಿಯವರು. ಬೆಲೆ ಬಚ್ಚಿಟ್ಟರೆ ಉಳಿಯುವುದಿಲ್ಲ.

ಬದಲಾವಣೆಯ ಸಾಲಿಗೂ ಹಿನ್ನೆಲೆ ಇದೆ. ‘ಮಾರಿದ ಸೀರೆ ವಾಪಸ್ ಪಡೆಯುವುದಿಲ್ಲ’ ಎಂಬ ಫಲಕ ಎಷ್ಟೋ ಅಂಗಡಿಗಳ ಗೋಡೆಯ ಮೇಲೆ ಇನ್ನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿಲ್ಲದ ಸೀರೆಯ ಬಣ್ಣ ಬದಲಾಯಿಸಿಕೊಡುವುದು ನಿಮ್ಮ ಇಷ್ಟ. ಆದರೆ ಹಬ್ಬದ ಸೀರೆ ಹೆಚ್ಚಾಗಿ ಅತ್ತೆಗೆ, ನಾದಿನಿಗೆ, ಮಗಳಿಗೆ ಕೊಡಲು ಕೊಂಡದ್ದು. ಉಡುವವರು ಅಂಗಡಿಗೆ ಬಂದಿರುವುದಿಲ್ಲ. ಹದಿನೈದು ದಿನ ಕೊಟ್ಟರೆ ಮನೆಗೆ ಒಯ್ದು ತೋರಿಸಿ ಬರಲು ಸಾಕು. ಇಲ್ಲಿ ಒಂದು ಎಚ್ಚರಿಕೆ: ಫಾಲ್ ಉಚಿತ ಎಂದು ಹುಡುಗರು ಬಿಲ್ಲಾದ ಕೂಡಲೇ ಸೀರೆಯನ್ನು ಹೊಲಿಯಲು ಕಳಿಸಿಬಿಟ್ಟರೆ ಬದಲಾಯಿಸುವ ಅವಕಾಶ ಅಲ್ಲೇ ಮುಗಿಯುತ್ತದೆ. ‘ಈಗಲೇ ಫಾಲ್ ಹಚ್ಚಿಸೋಣೇನ್ರಿ, ಮನೀಗೆ ಒಯ್ದು ತೋರಿಸಿ ಬರ್ತೀರೇನ್ರಿ?’ ಎಂದು ಕೇಳಿ ಬಿಲ್ಲಿನ ಮೇಲೆ ಬರೆದುಕೊಳ್ಳಬೇಕು.

ಫೋಟೋ ಮತ್ತು ಫೋನು

ಪತ್ರವನ್ನು ಅಕ್ಷರಗಳಲ್ಲೇ ಕಳಿಸಿ. ಬಣ್ಣಬಣ್ಣದ ಚಿತ್ರದೊಳಗೆ ತುಂಬಿದ ಸಣ್ಣ ಅಕ್ಷರವನ್ನು ಅರವತ್ತು ದಾಟಿದವರು ಓದಲಾರರು. ಜೊತೆಗೆ ಐದಾರು ಫೋಟೋ ಸಾಕು. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ದಾಳಿಂಬೆ ಬಣ್ಣ ಬೇರೆಯದೇ ಕೆಂಪಾಗಿ ಕಾಣುತ್ತದೆ, ಆದ್ದರಿಂದ ಬೆಳಿಗ್ಗೆ ಅಂಗಡಿಯ ಬಾಗಿಲ ಬಳಿ ಹಗಲು ಬೆಳಕಿನಲ್ಲಿ ತೆಗೆಯಿರಿ. ಒಂದೇ ಫೋಟೋದಲ್ಲಿ ಒಡಲು, ದಡಿ, ಸೆರಗು ಮೂರೂ ಕಾಣುವಂತೆ ಸೀರೆ ಮಡಚಿ. ಗೋಮಿ ದಡಿಯೋ ಗಾಯತ್ರಿ ದಡಿಯೋ ಎಂಬುದನ್ನು ಬಲ್ಲವರು ಫೋಟೋದಲ್ಲೇ ಗುರುತಿಸುತ್ತಾರೆ. ಚೀಟಿಯ ಮೇಲೆ 1, 2, 3 ಎಂದು ಬರೆದು ಸೀರೆಯ ಮೇಲಿಟ್ಟರೆ ‘ಆ ಹಸಿರು ಐತಿ ನೋಡ್ರಿ, ಅದು’ ಎಂಬ ಉದ್ದ ಮಾತು ತಪ್ಪುತ್ತದೆ. ಒಂದೇ ಒಂದು ಪ್ರತಿ ಇರುವ ಸೀರೆಯ ಫೋಟೋ ಮಾತ್ರ ಕಳಿಸಬೇಡಿ. ಹತ್ತು ಜನ ಅದನ್ನೇ ಕೇಳಿ ಬಂದರೆ ಒಂಬತ್ತು ಜನ ಬೇಸರದಿಂದ ಹೋಗುತ್ತಾರೆ.

ವಾಟ್ಸ್ಯಾಪ್‌ನಲ್ಲಿ ಗುಂಪು ಮಾಡಬೇಡಿ. ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಯಾವ ಹೆಣ್ಣುಮಗಳೂ ಬಿಲ್ಲಿಗೆಂದು ನಂಬರ್ ಕೊಟ್ಟದ್ದು ಅದಕ್ಕಲ್ಲ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಪತ್ರ ಒಬ್ಬೊಬ್ಬರಿಗೂ ಬೇರೆಯಾಗಿಯೇ ಬಂದಂತೆ ಹೋಗುತ್ತದೆ. ಒಂದು ಪಟ್ಟಿಯಲ್ಲಿ 256 ಜನರಿಗೆ ಜಾಗವಿದೆ, ನಮ್ಮ ಅಂಗಡಿಗೆ ಅಷ್ಟು ಸಾಕು. ಆದರೆ ಒಂದು ಮಿತಿ ಇದೆ: ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಈ ಸಂದೇಶ ತಲುಪುತ್ತದೆ. ಕಳಿಸಿದ ಮರುದಿನ ಪಟ್ಟಿ ತೆಗೆದು ಯಾರಿಗೆ ತಲುಪಿಲ್ಲ ಎಂದು ನೋಡಿ, ಅವರಿಗೆ ಒಂದು ಕರೆ ಮಾಡಿ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೂ ಕರೆಯೇ ಸರಿ. ಸಾಮೂಹಿಕ ಎಸ್ಸೆಮ್ಮೆಸ್ ಕಳಿಸಲು ದೂರಸಂಪರ್ಕ ಕಂಪನಿಗಳ ಬಳಿ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಇನ್ನೂರು ಜನರಿಗಾಗಿ ಆ ಓಡಾಟ ಬೇಕಿಲ್ಲ. ಇಂಥ ಸಂದೇಶ ಬೇಡ ಎಂದವರ ಹೆಸರನ್ನು ಅಂದೇ ತೆಗೆದುಬಿಡಿ.

ಪತ್ರ ಸೆಪ್ಟೆಂಬರ್ 20ರ ರವಿವಾರ ಮಧ್ಯಾಹ್ನ ಹೋಗಲಿ. 25ರ ಸಂಜೆ ಎರಡೇ ಸಾಲಿನ ಇನ್ನೊಂದು ಸಂದೇಶ: ‘ನಾಳೆ ಕೊನೆ ದಿನರಿ. ಕೈಮಗ್ಗದ ಸೀರೆ ಇನ್ನ ಒಂಬತ್ತು ಉಳಿದಾವ.’ ಆ ಅಂಕಿ ಅಂದಿನ ನಿಜವಾದ ಅಂಕಿ ಆಗಿರಬೇಕು. ಮೂರನೆಯ ಸಂದೇಶ ಬೇಡ.

ಕಳಿಸುವ ಮೊದಲು ಅಂಗಡಿಯ ಕಿರಿಯ ಹುಡುಗನ ಕೈಗೆ ಪತ್ರ ಕೊಟ್ಟು ಓದಿಸಿ. ‘ಒಬ್ಬರು ಎರಡು ಇಳಕಲ್, ಒಂದು ಪವರ್‌ಲೂಮ್ ತಗೊಂಡರೆ ಎಷ್ಟಾಯ್ತು?’ ಎಂದು ಕೇಳಿ. 7,100 ಎಂದು ತಡವರಿಸದೆ ಹೇಳಿದರೆ ಪತ್ರ ಸರಿಯಿದೆ. ಅವನು ‘ಇದಕ್ಕೂ ಅದಕ್ಕೂ ಸೇರಿ ಬಿಡೂದೇನ್ರಿ?’ ಎಂದು ಕೇಳಿದರೆ ಗಿರಾಕಿಯೂ ಅದನ್ನೇ ಕೇಳುತ್ತಾರೆ, ಆ ಸಾಲನ್ನು ತಿದ್ದಿ. ಪತ್ರ ಹೋದ ಮೇಲೆ ಬರುವ ಕರೆಗಳೂ ಇದೇ ಬಗೆಯ ಪರೀಕ್ಷೆ. ‘ಯಾವತ್ತಿನಿಂದರಿ?’ ಎಂದು ಮೂರ್ನಾಲ್ಕು ಜನ ಕೇಳಿದರೆ ದಿನದ ಸಾಲು ಕಣ್ಣಿಗೆ ಬಿದ್ದಿಲ್ಲ. ‘ರೇಷ್ಮಿ ಸೀರಿಗೂ ಐತೇನ್ರಿ?’ ಎಂಬುದು ಹೆಚ್ಚಾದರೆ ಮಾಲಿನ ಸಾಲು ಮಸುಕಾಗಿದೆ. ಮುಂದಿನ ಹಬ್ಬಕ್ಕೆ ಬರೆಯುವಾಗ ಬೇಕಾಗುತ್ತದೆಂದು ಇವನ್ನು ಒಂದು ವಹಿಯಲ್ಲಿ ಗುರುತಿಟ್ಟುಕೊಳ್ಳಿ.

ಸಂದೇಶ ಓಣಿಯ ಗುಂಪುಗಳಿಗೆ ಹರಡುವುದು ಖಂಡಿತ. ಹಳೆಯ ಗಿರಾಕಿಯ ಜೊತೆ ಬಂದವರಿಗೆ ಅದೇ ಬೆಲೆ ಎಂದು ಪತ್ರದಲ್ಲೇ ಹೇಳಿಯಾಗಿದೆ. ಯಾರದೋ ಫೋನಿನಿಂದ ಬಂದ ಸಂದೇಶ ತೋರಿಸಿ ಒಬ್ಬರೇ ಬಂದವರಿಗೆ ಏನು ಹೇಳಬೇಕೆಂಬುದನ್ನು ಮೊದಲೇ ನಿರ್ಧರಿಸಿ. ‘ಇದು ಹಳೆಯ ಗಿರಾಕಿಗಳಿಗೆ ಕಳಿಸಿದ್ದು, ನಿಮ್ಮ ನಂಬರ್ ಕೊಟ್ಟು ಹೋಗ್ರಿ, ಮುಂದಿನ ಸಲ ನಿಮಗೂ ಬರ್ತದ’ ಎಂದು ಸಮಾಧಾನದಿಂದ ಹೇಳುವುದು ನನ್ನ ಮಟ್ಟಿಗೆ ಸರಿಯಾದ ಉತ್ತರ. ಎಲ್ಲರಿಗೂ ಕೊಟ್ಟುಬಿಟ್ಟರೆ ‘ಹಳೆಯ ಗಿರಾಕಿಗಳಿಗೆ ಮಾತ್ರ’ ಎಂಬ ಸಾಲು ಸುಳ್ಳಾಗುತ್ತದೆ.

26ರ ರಾತ್ರಿ ಎಂಟಕ್ಕೆ ಈ ಬೆಲೆ ಮುಗಿಯಬೇಕು. ಹತ್ತು ಸೀರೆ ಉಳಿದವು ಎಂದು ಇನ್ನೆರಡು ದಿನ ಮುಂದುವರಿಸಿದರೆ ಕೆಲಸ ಬಿಟ್ಟು, ಬಸ್ಸು ಹಿಡಿದು ಅವಸರದಲ್ಲಿ ಬಂದವರಿಗೆ ಅನ್ಯಾಯ. ಅಕ್ಟೋಬರ್ 11ರ ಬ್ಯಾನರಿನಲ್ಲಿ ಅದೇ ಇಳಕಲ್ ಸೀರೆ 3,100ಕ್ಕಿಂತ ಕಡಿಮೆಗೆ ಕಾಣಬಾರದು. ಹಾಗಾದರೆ ಹಳಬರು ಹೆಚ್ಚು ಕೊಟ್ಟು ಕೊಂಡಂತಾಗುತ್ತದೆ, ಮುಂದಿನ ಪತ್ರವನ್ನು ಯಾರೂ ನಂಬುವುದಿಲ್ಲ. ಪಕ್ಷದ ದಿನಗಳಲ್ಲಿ ಯಾರಾದರೂ ಬಂದು ಸೀರೆ ಆರಿಸಿ, ಅಮಾವಾಸ್ಯೆ ಮುಗಿದ ಮೇಲೆ ಒಯ್ಯುತ್ತೇನೆ ಎಂದರೆ ಹೆಸರು ಬರೆದು ಎತ್ತಿಡಿ, ಮುಂಗಡ ಕೇಳಬೇಡಿ. ಬೆಲೆ ಮಾತ್ರ ಚೀಟಿಯದೇ ಎಂದು ಅಲ್ಲೇ ಹೇಳಿ.

ದೀಪಾವಳಿ ಈ ಸಲ ನವೆಂಬರ್ 8ರ ಹೊತ್ತಿಗೇ ಬರುತ್ತದೆ. ಇದೇ ಪಟ್ಟಿಗೆ ಆರು ವಾರದೊಳಗೆ ಇನ್ನೊಂದು ರಿಯಾಯಿತಿ ಪತ್ರ ಕಳಿಸಬೇಡಿ. ಹೊಸ ಮಾಲು ಬಂದಿದ್ದರೆ ಬಂದಿದೆ ಎಂದಷ್ಟೇ ತಿಳಿಸಿ.